ತುಂಬಿದ ಕ್ಯೂನಲ್ಲಿ ಒಂದು ತುರ್ತು ಪೋಸ್ಟ್ ತೂರಿಸೋದು

ಪ್ರಶ್ನೆ: “ನಮ್ಮ ಸೋಷಿಯಲ್ ಮೀಡಿಯಾ ಪುಟಕ್ಕೆ ಪೋಸ್ಟ್‌ಗಳನ್ನು ಸಾಲಾಗಿ ತಾನೇ ಹಾಕುವ ಆ್ಯಪ್ ಬಳಸುತ್ತೇನೆ. ಹತ್ತು ದಿನಕ್ಕೆ ಆಗುವಷ್ಟು ಪೋಸ್ಟ್ ಅದರ ಕ್ಯೂನಲ್ಲಿವೆ. ದಿನಕ್ಕೆ ನಾಲ್ಕು ಸ್ಲಾಟ್: 9, 1, 5, ರಾತ್ರಿ 9. ಈಗ 10.30. ಒಂದು ತುರ್ತು ಪೋಸ್ಟ್ ಹಾಕಬೇಕು, ಉಳಿದವು ಅಲ್ಲಾಡಬಾರದು. ಹೇಗೆ?”

ಮೊದಲನೆಯವರು: ಕ್ಯೂ ನಿಲ್ಲಿಸಿ, ತುರ್ತು ಪೋಸ್ಟ್ ಹಾಕಿ, ಮತ್ತೆ ಶುರು ಮಾಡಿ. ನಾನು ಹಾಗೇ ಮಾಡೋದು.

ಎರಡನೆಯವರು: ಮುಂದಿನ ಸ್ಲಾಟ್ ಬರೋದರೊಳಗೆ ಶುರು ಮಾಡಿದರೆ ಸರಿ. ನಾನೊಮ್ಮೆ ಊಟ ಮುಗಿಸಿ ಬಂದು ಶುರು ಮಾಡಿದೆ. ಒಂದು ಗಂಟೆಯದು ಐದಕ್ಕೆ ಹೋಯಿತು, ಹಿಂದಿದ್ದವೆಲ್ಲ ಒಂದೊಂದು ಸ್ಲಾಟ್ ಜಾರಿದವು.

ಮೂರನೆಯವರು: ನನ್ನ ವರ್ಡ್‌ಪ್ರೆಸ್ ಸೈಟ್‌ನಲ್ಲಿ ಸಮಯ ಕಳೆದರೂ ಪೋಸ್ಟ್ ಪ್ರಕಟ ಆಗೋದೇ ಇಲ್ಲ, Missed schedule ಅಂತ ಬರುತ್ತೆ. ಇದೂ ಅದೇ ಅಲ್ವಾ?

ನಾಲ್ಕನೆಯವರು: ಅದು ಬೇರೆ. ಅಲ್ಲಿ ಪ್ರತಿ ಪೋಸ್ಟ್‌ಗೂ ತನ್ನದೇ ದಿನಾಂಕ ಇರುತ್ತೆ, ಒಂದು ಇನ್ನೊಂದನ್ನು ತಳ್ಳಲ್ಲ. ಸೈಟ್‌ಗೆ ಯಾರೂ ಬರದಿದ್ದರೆ, ಸಮಯಕ್ಕೆ ಕೆಲಸ ನಡೆಸೋ ಅದರ ಕ್ರಾನ್ ಓಡಲ್ಲ, ಅದಕ್ಕೇ ತಪ್ಪಿರಬಹುದು.

ಇಲ್ಲಿ ಕೇಳಿರೋದು ಸ್ಲಾಟ್ ಕ್ಯೂ ಬಗ್ಗೆ. ಇದರಲ್ಲಿ ಪೋಸ್ಟ್‌ಗೆ ಸ್ವಂತ ಸಮಯ ಇಲ್ಲ, ಸಾಲಿನಲ್ಲಿ ಜಾಗ ಮಾತ್ರ ಇದೆ. ತುರ್ತಿನದನ್ನು ಸಾಲಿನ ತಲೆಗೆ ಹಾಕಿದರೆ ಅದು 1ಕ್ಕೆ, 1ರದು 5ಕ್ಕೆ, 5ರದು ರಾತ್ರಿ 9ಕ್ಕೆ. ರಾತ್ರಿಯದು ನಾಳೆ ಬೆಳಗ್ಗೆಗೆ. ಆ ರಾತ್ರಿಯ ಪೋಸ್ಟ್ “ಇವತ್ತೇ ಕೊನೆ ದಿನ” ಅಂತಿದ್ದರೆ ಕಥೆ ಮುಗೀತು.

ಹಾಗಾಗಿ ಕ್ಯೂಗೆ ಸೇರಿಸಲೇಬೇಡಿ. ದಿನಾಂಕ, ಸಮಯ ನೀವೇ ಆರಿಸಿ 11ಕ್ಕೆ ಇಡಿ. ಅದು ಸ್ಲಾಟ್ ತಿನ್ನಲ್ಲ. ಉಳಿಸಿದ ಮೇಲೆ ರಾತ್ರಿ 9ರ ಪೋಸ್ಟ್ ಅಲ್ಲೇ ಇದೆಯಾ ನೋಡಿ, ಇದ್ದರೆ ಯಾವುದೂ ಅಲ್ಲಾಡಿಲ್ಲ. ಖಾತೆಯ ಟೈಮ್ ಝೋನನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಒಂದು ಗಂಟೆಯ ಜಾಗವೇ ಬೇಕು ಅಂದ್ರೆ?

ನಾಲ್ಕನೆಯವರು: ಆಗ ಒಳಗಿನದನ್ನು ಮಾತ್ರ ಬದಲಿಸಿ. 1ರ ಪೋಸ್ಟ್ ಯಾವಾಗ ಹಾಕಿದರೂ ನಡೆಯುವಂಥದ್ದಾಗಿರಬೇಕು. ಅದನ್ನು ನಕಲು ಮಾಡಿ ಕ್ಯೂ ಕೊನೆಗೆ ಸೇರಿಸಿ. ಆಮೇಲೆ ಮೂಲವನ್ನು ತೆರೆದು ಅದರಲ್ಲಿ ತುರ್ತಿನ ಮಾತು ಬರೆಯಿರಿ. ಅಳಿಸಬೇಡಿ, ಅಳಿಸಿದರೆ ಹಿಂದಿನವು ಒಂದು ಸ್ಲಾಟ್ ಮುಂದೆ ಬರುತ್ತವೆ. ಹಳೇ ಚಿತ್ರ, ಅದರ ವಿವರಣೆ, ಮೊದಲ ಕಾಮೆಂಟ್ ಎಲ್ಲಾ ತೆಗೆಯಿರಿ. ನಾನು ಬರಹ ಬದಲಿಸಿ ಚಿತ್ರ ಮರೆತಿದ್ದೆ. “ನಾಳೆ ಕಚೇರಿ ರಜೆ” ಅನ್ನೋ ಸೂಚನೆಯ ಕೆಳಗೆ ನಗುತ್ತಿರುವ ಸಿಬ್ಬಂದಿಯ ಫೋಟೋ!

ಎರಡನೆಯವರು: 11ಕ್ಕೆ ಒಂದು, 1ಕ್ಕೆ ಇನ್ನೊಂದು ಬಂದರೆ ತುರ್ತಿನದು ಕೆಳಗೆ ಹೋಗಲ್ವಾ? ನಾನಾಗಿದ್ದರೆ 1ರದನ್ನು ಖಾಲಿ ಬಿಡುತ್ತಿದ್ದೆ.

ನಾಲ್ಕನೆಯವರು: ಪಿನ್ ಮಾಡಿದರೆ ಪುಟಕ್ಕೆ ಬಂದವರಿಗೆ ಮೇಲೇ ಕಾಣುತ್ತೆ. ಫೀಡ್‌ನಲ್ಲಿ ಎರಡು ಗಂಟೆ ಸಾಕಾ ಅಂದ್ರೆ, ನನಗೆ ಒಮ್ಮೆ ಸಾಕಾಗಿದೆ, ಒಮ್ಮೆ ಇಲ್ಲ. ಖಾಲಿ ಬಿಡೋದು ಮಾತ್ರ ಕಷ್ಟ, ಕ್ಯೂ ಸುಮ್ನೆ ಮುಂದಿನದನ್ನು ಎಳೆದು ತುಂಬಿಬಿಡುತ್ತೆ.