ಕೊಲ್ಲಿಯ ಬಾಯಿ ಎಲ್ಲಿ ಮುಚ್ಚುತ್ತದೆ?

ಪ್ರಶ್ನೆ: 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರವನ್ನು ಕೊಲ್ಲಿಯ ಒಳದಡದಿಂದ ಅಳೆಯುತ್ತಾರೋ, ಬಾಯಿಯಿಂದಲೋ? ನಕ್ಷೆಯಲ್ಲಿ ಕೆಲವು ಕೊಲ್ಲಿಗಳಿಗೆ ಅಡ್ಡಗೆರೆ ಇದೆ, ಕೆಲವಕ್ಕೆ ಇಲ್ಲ.

ಕಡಲ ಕಾನೂನಿನ ವಕೀಲೆ: ಸಾಮಾನ್ಯ ದಡದಲ್ಲಿ ಅಳತೆ ಶುರುವಾಗುವುದು ಇಳಿತದ ನೀರು ನಿಲ್ಲುವ ಗೆರೆಯಿಂದ. ಕೊಲ್ಲಿಯಾದರೆ ಬಾಯಿಗೆ ಅಡ್ಡಗೆರೆ ಎಳೆದು ಅಲ್ಲಿಂದ ಅಳೆಯಬಹುದು, ಆದರೆ ಅದು ಕಾನೂನಿನ ಕಣ್ಣಿಗೂ ಕೊಲ್ಲಿಯಾಗಿರಬೇಕು. ಬಾಯಿ 20 ಮೈಲಿ ಅಗಲವಿದೆ ಎನ್ನಿ. ಅದನ್ನೇ ವ್ಯಾಸವಾಗಿಟ್ಟು ಅರ್ಧವೃತ್ತ ಬರೆದರೆ ಸುಮಾರು 157 ಚದರ ಮೈಲಿ. ಒಳಗಿನ ನೀರು 170 ಇದ್ದರೆ ಪಾಸು. 140 ಇದ್ದರೆ ಅದು ಬರೀ ದಡದ ಬಾಗು, ಮತ್ತೆ ಒಳದಡಕ್ಕೇ ಹೋಗಬೇಕು. ಬಾಯಲ್ಲಿ ದ್ವೀಪಗಳಿದ್ದರೆ ಅವುಗಳ ನಡುವಿನ ಸಂದುಗಳ ಅಗಲವನ್ನಷ್ಟೇ ಕೂಡಿಸಿ ವ್ಯಾಸ ಹಿಡಿಯುತ್ತಾರೆ. ಹಾಗಾಗಿ ದ್ವೀಪವಿರುವ ಕೊಲ್ಲಿ ಸುಲಭವಾಗಿ ಗೆಲ್ಲುತ್ತದೆ.

ಒಬ್ಬ ಸದಸ್ಯ: ಒಟ್ಟಿನಲ್ಲಿ ಅಳತೆ ಶುರುಮಾಡಲು ಎಳೆಯುವ ಯಾವ ನೇರ ಆಧಾರರೇಖೆಯೂ 24 ಮೈಲಿ ದಾಟುವಂತಿಲ್ಲ, ಅಷ್ಟೇ ತಾನೆ?

ವಕೀಲೆ: ಅರ್ಧ ಸರಿ. 24ರ ಮಿತಿ ಕೊಲ್ಲಿಗೆ ಮಾತ್ರ. ಬಾಯಿ ಅದಕ್ಕಿಂತ ಅಗಲವಿದ್ದರೆ, ಅತಿ ಹೆಚ್ಚು ನೀರು ಒಳಗುಳಿಯುವಂತೆ 24 ಮೈಲಿಯ ಗೆರೆಯನ್ನು ಒಳಸರಿಸಿ ಎಳೆಯುತ್ತಾರೆ. ದಡವೇ ಆಳವಾಗಿ ಸೀಳಿಹೋಗಿ, ಎದುರಿಗೆ ದ್ವೀಪಗಳ ಸಾಲಿದ್ದರೆ ಅನ್ವಯಿಸುವುದು ಬೇರೆಯೇ ನಿಯಮ. ನಾರ್ವೆಯ 44 ಮೈಲಿಯ ಗೆರೆಯನ್ನೂ ಅಂತರರಾಷ್ಟ್ರೀಯ ನ್ಯಾಯಾಲಯ 1951ರಲ್ಲಿ ಒಪ್ಪಿತು. ವಿಶ್ವಸಂಸ್ಥೆಯ 1982ರ ಕಡಲ ಕಾನೂನಿನ ಒಪ್ಪಂದದಲ್ಲೂ ಅಂಥ ಗೆರೆಗೆ ಉದ್ದದ ಮಿತಿ ಇಲ್ಲ. ಸಪಾಟಾದ ದಡಕ್ಕೂ ಇದೇ ನಿಯಮ ಹಚ್ಚುವ ದೇಶಗಳಿವೆ; ನನಗೆ ಅದು ಕಡಲು ಕಬಳಿಸುವ ಜಾಣತನವಾಗಿಯೇ ಕಾಣುತ್ತದೆ.

ನಿವೃತ್ತ ಹಡಗು ಅಧಿಕಾರಿ: ನಮ್ಮ ಕಾಲದಲ್ಲಿ ಸಿದ್ರಾ ಕೊಲ್ಲಿ ಎಂದರೆ ಕ್ಯಾಪ್ಟನ್ ಸುತ್ತುಹಾಕಿಯೇ ಹೋಗುತ್ತಿದ್ದರು. ಹಳೆಯ ನಕ್ಷೆಗಳಲ್ಲೂ ಅದು ಲಿಬಿಯಾದ ದಡದೊಳಗೇ ಇದೆಯಲ್ಲ, ಐತಿಹಾಸಿಕ ಕೊಲ್ಲಿ ಎನ್ನಲು ಇನ್ನೇನು ಬೇಕು?

ವಕೀಲೆ: ಸರ್, ಐತಿಹಾಸಿಕ ಕೊಲ್ಲಿಗೆ ಈ ಅಳತೆಯ ನಿಯಮ ಅನ್ವಯಿಸುವುದಿಲ್ಲ, ನಿಜ. ಆದರೆ ಅದಕ್ಕೆ ಹಳೆಯ ನಕ್ಷೆ, ಹಳೆಯ ಹೆಸರು ಸಾಲದು. ಆ ನೀರಿನಲ್ಲಿ ದೇಶ ಬಹುಕಾಲ ಬಹಿರಂಗವಾಗಿ ಅಧಿಕಾರ ನಡೆಸಿರಬೇಕು, ಉಳಿದವರು ತಿಳಿದೂ ಸುಮ್ಮನಿದ್ದಿರಬೇಕು. ಲಿಬಿಯಾ 1973ರಲ್ಲಿ 32 ಡಿಗ್ರಿ 30 ನಿಮಿಷದ ಅಕ್ಷಾಂಶದಲ್ಲಿ ಸುಮಾರು 300 ಮೈಲಿಯ ಗೆರೆ ಎಳೆದು, ದಕ್ಷಿಣದ ನೀರೆಲ್ಲ ತನ್ನ ಆಂತರಿಕ ಜಲ ಎಂದಿತು. ಅಮೆರಿಕ ಸೇರಿದಂತೆ ಹಲವರು ಪ್ರತಿಭಟಿಸಿದರು. 1981ರಲ್ಲಿ ಅಲ್ಲಿ ವಿಮಾನಗಳೇ ಗುಂಡು ಹಾರಿಸಿಕೊಂಡವು. ಸುಮ್ಮನಿದ್ದರು ಎನ್ನಲು ಜಾಗವೇ ಇಲ್ಲ.

ಪ್ರಶ್ನೆ ಕೇಳಿದವರು: ಬಹುಕಾಲ ಎಂದರೆ ಎಷ್ಟು ವರ್ಷ, ಮೇಡಂ?

ವಕೀಲೆ: ಒಪ್ಪಂದ ಐತಿಹಾಸಿಕ ಕೊಲ್ಲಿಗಳನ್ನು ಈ ಅರ್ಧವೃತ್ತದ ಲೆಕ್ಕದಿಂದ ಹೊರಗಿಟ್ಟು ಸುಮ್ಮನಾಗಿದೆ. ವರ್ಷ ಎಷ್ಟೆಂದು ಎಲ್ಲಿಯೂ ಹೇಳಿಲ್ಲ. ಪ್ರತಿ ಮೊಕದ್ದಮೆಯಲ್ಲೂ ಹೊಸದಾಗಿ ವಾದ ಮಾಡುತ್ತೇವೆ.

ಅಧಿಕಾರಿ: ಕ್ಯಾಪ್ಟನ್ ಸುತ್ತುಹಾಕಿದ್ದು ಒಪ್ಪಿಗೆ ಎಂದಾಗುತ್ತದೆಯೇ?

ವಕೀಲೆ: ಇಲ್ಲ, ಮೌನ ಲೆಕ್ಕಕ್ಕೆ ಬರುವುದು ಸರ್ಕಾರದ್ದು.