ನೀರಿನ ಮಾತ್ರೆ ನಿಲ್ಲಿಸೋದಾ ಬೇಡ್ವಾ? ಫಾರ್ಮಸಿ ಬ್ಯಾಚ್ ಗುಂಪಿನ ಚರ್ಚೆ

ರವಿ: ಈ ಕಾರ್ಡ್ ನೋಡಿ. "ಜ್ವರ, ವಾಂತಿ, ಭೇದಿ, ಬಿಸಿಲು ಇದ್ದಾಗ ಮೂತ್ರ ಹೆಚ್ಚಿಸುವ ಮಾತ್ರೆ ನಿಲ್ಲಿಸಿ." ಅಂಗಡಿ ಕೌಂಟರಲ್ಲಿ ಅಂಟಿಸ್ತೀನಿ.

ಶೋಭಾ: ಅಂಟಿಸಬೇಡ ಕಣೋ. ಹೃದಯ ವೈಫಲ್ಯಕ್ಕೆ ಟಾರ್ಸೆಮೈಡ್ ತಗೊಳ್ಳೋರೂ ಅದನ್ನ ಓದ್ತಾರೆ. ನಾಲ್ಕು ದಿನ ಬಿಟ್ರೆ ಕಾಲು ಊದಿ, ಮಲಗಿದ್ರೆ ಉಸಿರು ಕಟ್ಟುತ್ತೆ.

ರವಿ: ಹಾಗಂತ ಭೇದಿ ಆಗ್ತಿದ್ರೂ ನುಂಗ್ತಾ ಇರಬೇಕಾ? ಕಿಡ್ನಿ ಗತಿ ಏನು?

ನಾಗರಾಜ್: ಇಬ್ಬರದ್ದೂ ನಿಜ. ಒಂದು ಉದಾಹರಣೆ ತಗೊಳ್ಳಿ. 68 ವರ್ಷದವರು, ಬರೀ ಬಿಪಿ. ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಿಯಝೈಡ್ 12.5 ಸೇರಿದ ಒಂದೇ ಮಾತ್ರೆ. ಬೆಳಗಿನಿಂದ ಆರು ಸಲ ಭೇದಿ, ಮೈಕೈ ನೋವು ಅಂತ ಒಂದು ಡೈಕ್ಲೋಫೆನಾಕ್ ಬೇರೆ ನುಂಗಿದ್ದಾರೆ. ಭೇದಿಯಲ್ಲಿ ನೀರು ಹೋಗ್ತಿದೆ, ಥಿಯಝೈಡ್ ಮೂತ್ರದಲ್ಲೂ ಕಳಿಸ್ತಿದೆ. ಡೈಕ್ಲೋಫೆನಾಕ್ ಕಿಡ್ನಿಯಲ್ಲಿ ಸೋಸೋ ಭಾಗಕ್ಕೆ ರಕ್ತ ಬರೋ ನಾಳ ಕಿರಿದು ಮಾಡುತ್ತೆ, ಟೆಲ್ಮಿಸಾರ್ಟನ್ ಹೊರಹೋಗೋ ನಾಳ ಸಡಿಲ ಮಾಡುತ್ತೆ. ಸೋಸೋಕೆ ಬೇಕಾದ ಒತ್ತಡವೇ ಉಳಿಯಲ್ಲ. ಎರಡೇ ದಿನದಲ್ಲಿ ಕ್ರಿಯಾಟಿನಿನ್ ಏರಬಹುದು.

ಶೋಭಾ: ಹಾಗಾದ್ರೆ ಇವರಿಗೆ ಡೈಕ್ಲೋಫೆನಾಕ್ ಬೇಡವೇ ಬೇಡ, ಜ್ವರ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಪಿ ಮಾತ್ರೆ ತಡೆಹಿಡಿಯೋಕೆ ಡಾಕ್ಟರ್ ಮೊದಲೇ ಹೇಳಿದ್ರೆ ಹಾಗೇ, ಇಲ್ಲದಿದ್ರೆ ಅವತ್ತೇ ಫೋನ್ ಮಾಡಿ ಕೇಳ್ಬೇಕು. ಒಂದೆರಡು ಸಲ ತೆಳ್ಳಗೆ ಹೋಗಿದ್ದಕ್ಕೆಲ್ಲ ಬಿಡೋದಲ್ಲ.

ರವಿ: ಮತ್ತೆ ಶುರು ಯಾವಾಗ?

ನಾಗರಾಜ್: ಊಟ, ನೀರು ಸರಿಯಾಗಿ 24ರಿಂದ 48 ಗಂಟೆ ಹೊಟ್ಟೆಯಲ್ಲಿ ನಿಂತ ಮೇಲೆ, ಎಂದಿನ ಡೋಸ್. ಬಿಟ್ಟ ದಿನಗಳದ್ದು ಸೇರಿಸಿ ನುಂಗಬಾರದು. ಕಾರ್ಡಿನಲ್ಲಿ ಇದೇ ಸಾಲು ಇಲ್ಲ. ನಿಲ್ಲಿಸಿದವರು ವಾಸಿಯಾದ ಮೇಲೂ ತಿಂಗಳುಗಟ್ಟಲೆ ನಿಲ್ಲಿಸಿಯೇ ಇರ್ತಾರೆ.

ಶೋಭಾ: ಬರೀ ನೀರು ಕುಡಿಸೋದೂ ತಪ್ಪು. ಥಿಯಝೈಡ್ ಮೊದಲೇ ಸೋಡಿಯಂ ಇಳಿಸುತ್ತೆ, ಮೇಲೆ ಸಾದಾ ನೀರೇ ಸುರಿದ್ರೆ ವಯಸ್ಸಾದವರು ಮಂಕಾಗಿ ಬಡಬಡಿಸ್ತಾರೆ. ಓಆರ್‌ಎಸ್ ಕೊಡಿ, ಪ್ರತಿ ಭೇದಿಗೂ ಒಂದು ಲೋಟ. ಪೊಟ್ಟಣ 1 ಲೀಟರಿಂದೋ 200 ಮಿ.ಲೀ.ದೋ ಓದಿ ಕಲಸಬೇಕು. ದೊಡ್ಡ ಪೊಟ್ಟಣವನ್ನ ಒಂದು ಲೋಟಕ್ಕೆ ಹಾಕಿದ್ರೆ ಉಪ್ಪು ಅತಿಯಾಗುತ್ತೆ. ಹೃದಯ ವೈಫಲ್ಯದವರಿಗೆ ಎಷ್ಟು ಕುಡಿಬೇಕು ಅನ್ನೋದನ್ನೂ ಡಾಕ್ಟರೇ ಹೇಳಬೇಕು.

ರವಿ: ಕಲಬುರಗಿ ಬಿಸಿಲಿಗೆ?

ಶೋಭಾ: ಬರೀ ಬಿಸಿಲಿಗೆ ನಿಲ್ಲಿಸೋದಲ್ಲ, ಗಮನಿಸೋದು. ಕೂತಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದು ತಲೆ ಸುತ್ತಿದ್ರೆ ಡಾಕ್ಟರಿಗೆ ಹೇಳಬೇಕು. ಹೃದಯದವರು ದಿನಾ ಬೆಳಗ್ಗೆ ಮೂತ್ರ ಮಾಡಿ, ತಿಂಡಿಗೆ ಮುಂಚೆ ತೂಕ ನೋಡಲಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದ್ರೂ ಇಳಿದ್ರೂ ಫೋನ್. ಟಾರ್ಸೆಮೈಡ್ ಹೆಚ್ಚು ಕಮ್ಮಿ ಮಾಡೋದು ಡಾಕ್ಟರ್ ಕೆಲಸ.

ನಾಗರಾಜ್: ಕುಡಿದ ನೀರೂ ವಾಂತಿ ಆಗ್ತಿದ್ರೆ, ಎಂಟು ಗಂಟೆ ಮೂತ್ರ ಬರದಿದ್ರೆ, ಮಾತು ತಡವರಿಸಿದ್ರೆ ಫೋನ್ ಅಲ್ಲ, ಆಸ್ಪತ್ರೆ.

ರವಿ: ಕಾರ್ಡ್ ಅಳಿಸಿದೆ. ಹೊಸದು ಎರಡು ಬರೀತೀನಿ, ಬಿಪಿಯವರಿಗೆ ಒಂದು, ಹೃದಯದವರಿಗೆ ಒಂದು. ಎರಡರಲ್ಲೂ ಡೈಕ್ಲೋಫೆನಾಕ್ ಬೇಡ ಅನ್ನೋದು ಮೊದಲ ಸಾಲು. ಅಂಟಿಸೋ ಮುಂಚೆ ನೀವಿಬ್ಬರೂ ಓದಿ.