ಆರು ತಿಂಗಳ ಸ್ಟೈಪೆಂಡ್: ಆಫೀಸಲ್ಲಿ "ಪಾವತಿಯಾಗಿದೆ", ಪಾಸ್‌ಬುಕ್ಕಲ್ಲಿ ಇಲ್ಲ

ಜಗಳೂರು ಸಂಶೋಧಕಿ (ಏಪ್ರಿಲ್ 9)
ದಾವಣಗೆರೆಯಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಸ್ಟೈಪೆಂಡ್ ತಿಂಗಳಿಗೆ 10,000 ರೂಪಾಯಿ. ಅನುದಾನ ತಡವಾಗಿದ್ದಕ್ಕೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನ 60,000 ಒಟ್ಟಿಗೇ ಮಾರ್ಚ್ 24ಕ್ಕೆ ಹಾಕಿದರು. ಜೊತೆಯ ಮೂವರಿಗೆ ಅವತ್ತೇ ಬಂತು, ನನಗಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಹೋದರೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ನನ್ನ ಹೆಸರಿನ ಮುಂದೆ `Success` ಅಂತಿದೆ. "ನಮ್ಮಿಂದ ಹೋಗಿದೆ, ಬ್ಯಾಂಕಲ್ಲಿ ಕೇಳಮ್ಮ" ಅಂದರು. ಬ್ಯಾಂಕಿನವರು "ಬಂದೇ ಇಲ್ಲ, ಅಲ್ಲೇ ಕೇಳಿ" ಅಂತಾರೆ. ಪಿಜಿ ಬಾಡಿಗೆ ಎರಡು ತಿಂಗಳದ್ದು ಬಾಕಿ ಇದೆ. ಅಪ್ಪನ ಹತ್ರ ಮತ್ತೆ ಕೇಳೋಕೆ ಮನಸ್ಸು ಬರ್ತಿಲ್ಲ. ಆಫೀಸಿಗೆ ಏನಂತ ಬರೆದು ಕೊಡಲಿ?

ಹರಿಹರದವ
ಆಧಾರ್ ಸೀಡಿಂಗ್ ಆಗಿರಲ್ಲ, ನೂರಕ್ಕೆ ನೂರು. ಇಲ್ಲಾಂದ್ರೆ ಐಎಫ್‌ಎಸ್‌ಸಿ ಹಳೇದು ಕೊಟ್ಟಿದ್ದೀರಿ. ಸಿಂಡಿಕೇಟ್ ಬ್ಯಾಂಕು ಕೆನರಾ ಜೊತೆ ಸೇರಿದ ಮೇಲೆ ನಮ್ಮ ಅಕ್ಕಂದೂ ಹಂಗೇ ಆಗಿತ್ತು.

ದುರ್ಗದ ಹುಡುಗ
ನಂದೂ ಇದೇ ಕಥೆ. ಎಸ್‌ಎಸ್‌ಪಿಯಲ್ಲಿ ಹಾಕಿದ ಸ್ಕಾಲರ್‌ಶಿಪ್ ಹೋದ ವರ್ಷದ್ದೇ ಬಂದಿಲ್ಲ. ಕಾಲೇಜಿನಲ್ಲಿ ವೆರಿಫೈ ಆಗಿದೆ ಅಂತಾರೆ. ಇದಕ್ಕೂ ಅರ್ಜಿ ಕೊಡಬೇಕಾ ಅಣ್ಣ?

ನಿವೃತ್ತ ಲೆಕ್ಕ ಸಹಾಯಕ
ದುರ್ಗದ ತಮ್ಮ, ನಿಂದು ಬೇರೆ ದಾರಿ. ಅದು ಆಧಾರ್ ಮೇಲೆ ಬರೋ ದುಡ್ಡು. ಹರಿಹರದವರು ಹೇಳಿದ ಸೀಡಿಂಗ್ ನಿನಗೆ ಅನ್ವಯಿಸುತ್ತೆ, ಮೊದಲು ಅದನ್ನ ನೋಡಿಕೋ.

ತಂಗಿ, ನಿಮ್ಮದು ಖಾತೆ ನಂಬರ್ ಮೇಲೆ ನೆಫ್ಟ್‌ನಲ್ಲಿ ಹೋಗಿರುತ್ತೆ, ಅಲ್ಲಿ ಆಧಾರ್ ಪಾತ್ರ ಇಲ್ಲ. ಆ `Success` ನೋಡಿ ಎರಡೂ ಕಡೆಯವರು ಮೋಸಹೋಗ್ತಾರೆ. ಅದರರ್ಥ ವಿಶ್ವವಿದ್ಯಾಲಯದ ಖಾತೆಯಿಂದ ದುಡ್ಡು ಹೊರಟಿದೆ ಅಂತ ಅಷ್ಟೆ. ನಿಮ್ಮ ಬ್ಯಾಂಕಿಗೆ ಅದನ್ನ ಜಮಾ ಮಾಡೋಕೆ ಆಗದಿದ್ದರೆ ಎರಡು ಗಂಟೆಯೊಳಗೆ ವಾಪಸ್ ಕಳಿಸಬೇಕು. ವಾಪಸ್ ಬಂದದ್ದು ಪಾವತಿ ಪಟ್ಟಿಯಲ್ಲಿ ಕಾಣಲ್ಲ, ಆಫೀಸಿನ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹೆಚ್ಚುಕಡಿಮೆ ಹೀಗೆ ಬಂದು ಕೂತಿರುತ್ತೆ:

```
24-03  NEFT RETURN   60,000.00 CR
```

ತಿಂಗಳ ಕೊನೆಗೆ ಲೆಕ್ಕ ತಾಳೆ ಹಾಕುವಾಗಲೇ ಯಾರಾದರೂ ಅದನ್ನ ನೋಡೋದು. ಮಾರ್ಚ್‌ನಲ್ಲಿ ಅದಕ್ಕೂ ಪುರುಸೊತ್ತು ಇರಲ್ಲ, ನಾನೇ ಕೂತು ಮಾಡಿದ ಕೆಲಸ. ಹಾಗಾಗಿ "ಸ್ಟೈಪೆಂಡ್ ಬಂದಿಲ್ಲ" ಅಂತ ಬರೀಬೇಡಿ, ಆ ಪತ್ರಕ್ಕೆ "ಪಾವತಿಸಲಾಗಿದೆ" ಅಂತಲೇ ಉತ್ತರ ಬರೋದು. ಹೀಗೆ ಬರೆಯಿರಿ:

"ದಿನಾಂಕ 24-03ರಂದು ನನಗೆ ಪಾವತಿಸಿದ ರೂ. 60,000 ನನ್ನ ಖಾತೆಗೆ ಜಮಾ ಆಗಿರುವುದಿಲ್ಲ. ದಯವಿಟ್ಟು ಸದರಿ ಪಾವತಿಯ ಯುಟಿಆರ್ ಸಂಖ್ಯೆ ನೀಡುವುದು ಹಾಗೂ ಮೊತ್ತ ಹಿಂದಿರುಗಿದೆಯೇ ಎಂದು 24-03ರ ನಂತರದ ಬ್ಯಾಂಕ್ ವಿವರಣೆಯಲ್ಲಿ ಪರಿಶೀಲಿಸುವುದು."

ಪಾಸ್‌ಬುಕ್ಕಿನ ಮೊದಲ ಪುಟ, ಮಾರ್ಚ್‌ನಿಂದ ಈವರೆಗಿನ ಎಂಟ್ರಿ ಎರಡನ್ನೂ ಲಗತ್ತಿಸಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನೆಫ್ಟ್ ಯುಟಿಆರ್ 16 ಅಕ್ಷರದ್ದು, ಪೂರ್ತಿ ಬರೆದುಕೊಳ್ಳಿ. ವಾಪಸ್ ಎಂಟ್ರಿ ಸಿಗದಿದ್ದರೆ ಅದೇ ನಂಬರ್ ಹಿಡಿದು ಬ್ಯಾಂಕಲ್ಲಿ ಹುಡುಕಿಸಬೇಕು. ಖಾತೆ ನಂಬರಿನ ಒಂದು ಅಂಕಿ ತಪ್ಪಿದ್ದು ಆ ನಂಬರಿನ ಖಾತೆ ಬೇರೆಯವರದ್ದಾಗಿದ್ದರೆ ದುಡ್ಡು ಅವರಿಗೇ ಹೋಗಿರುತ್ತೆ, ಹೆಸರು ತಾಳೆ ನೋಡಲ್ಲ.

ಒಂದು ಪ್ರಶ್ನೆ: ಈ ಖಾತೆ ತೆಗೆದದ್ದು ಯಾವಾಗ?

ಜಗಳೂರು ಸಂಶೋಧಕಿ
ಪಿಯುಸಿಯಲ್ಲಿ ಸರ್, ಹದಿನಾರು ವರ್ಷ ಆಗ. ಸ್ಕಾಲರ್‌ಶಿಪ್‌ಗೆ ಅಂತ ಅಪ್ಪ ತೆಗೆಸಿದ್ದು. ಅದರಲ್ಲೇ ಐದು ಸಾವಿರ, ಹನ್ನೆರಡು ಸಾವಿರ ಎಲ್ಲ ಬಂದಿದೆ.

ನಿವೃತ್ತ ಲೆಕ್ಕ ಸಹಾಯಕ
ಹಾಗಾದರೆ ಅಲ್ಲೇ ಇರಬಹುದು. ಅಪ್ರಾಪ್ತರ ಖಾತೆಗೆ ಬ್ಯಾಂಕುಗಳು ಮಿತಿ ಇಟ್ಟಿರುತ್ತವೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಕೆವೈಸಿ ಕೊಟ್ಟರೇ ಅದು ಮಾಮೂಲಿ ಖಾತೆ ಆಗೋದು. ಸಣ್ಣ ಮೊತ್ತ ದಾಟಿಕೊಂಡು ಬಂದಿದೆ, ದೊಡ್ಡದು ತಡೆದಿರಬಹುದು. ಖಾತೆ ತೆಗೆದ ಶಾಖೆಯಲ್ಲೇ ಕೇಳಿ.

ಹರಿಹರದವ
ಐಎಫ್‌ಎಸ್‌ಸಿ ಆಗಿದ್ರೆ ಆ ಹನ್ನೆರಡು ಸಾವಿರಾನೂ ಬರ್ತಿರಲಿಲ್ಲ ಅಲ್ವಾ?

ನಿವೃತ್ತ ಲೆಕ್ಕ ಸಹಾಯಕ
ಅದು ಆಧಾರ್ ಮೇಲೆ ಬಂದಿದ್ದರೆ ಐಎಫ್‌ಎಸ್‌ಸಿ ತಪ್ಪಿದ್ದರೂ ಬರುತ್ತಿತ್ತು. ಹಾಗಾಗಿ ನಿಮ್ಮ ಮಾತನ್ನ ತಳ್ಳಿಹಾಕಲ್ಲ, ಪಾಸ್‌ಬುಕ್ ನೋಡಿಯೇ ಬಿಡಲಿ.

ಜಗಳೂರು ಸಂಶೋಧಕಿ (ಏಪ್ರಿಲ್ 17)
ಐಎಫ್‌ಎಸ್‌ಸಿ ಸರಿಯಿದೆ. ಜಗಳೂರಿನ ಶಾಖೆಗೇ ಹೋಗಿದ್ದೆ. ಖಾತೆ ಇನ್ನೂ ಅಪ್ರಾಪ್ತರ ಪಟ್ಟಿಯಲ್ಲೇ ಇತ್ತು, 50,000 ದಾಟೋ ಹಾಗಿಲ್ಲವಂತೆ. ಸಹಿ ಕಾರ್ಡಿನ ಮೇಲೆ ನನ್ನ ಪಿಯುಸಿ ಫೋಟೋ, ಕೆಳಗೆ ಅಪ್ಪನ ಸಹಿ. ಹೊಸ ಫಾರಂ, ಆಧಾರ್, ಪ್ಯಾನ್ ಕೊಟ್ಟೆ, ಎರಡು ದಿನಕ್ಕೆ ಸರಿಹೋಯಿತು. ಇಲ್ಲಿ ಆಫೀಸಲ್ಲೂ ಮಾರ್ಚ್ 24ರ ಸಂಜೆಯ ಎಂಟ್ರಿ ಸಿಕ್ಕಿತು, 60,000 ವಾಪಸ್. ಪತ್ರ ನೋಡಿದ ಮೇಡಂ ಅವರೇ ಸ್ಟೇಟ್‌ಮೆಂಟ್ ತೆಗೆಸಿದರು.

ಈಗಿನ ತೊಡಕು: ಹಣಕಾಸು ವರ್ಷ ಮುಗಿದಿದ್ದರಿಂದ ಮತ್ತೆ ಮಂಜೂರಾತಿ ಬೇಕು ಅಂತ ಒಬ್ಬರು, ಹೊಸ ವೋಚರ್ ಸಾಕು ಅಂತ ಇನ್ನೊಬ್ಬರು.

ನಿವೃತ್ತ ಲೆಕ್ಕ ಸಹಾಯಕ
ನಮ್ಮಲ್ಲಿ ವಾಪಸ್ ಬಂದದ್ದನ್ನ ಅಮಾನತ್ತಿನಲ್ಲಿ ಇಟ್ಟು ಹೊಸ ವೋಚರ್‌ನಲ್ಲಿ ಕೊಡ್ತಿದ್ದೆವು, ಖರ್ಚು ಆಗಲೇ ಹಿಂದಿನ ವರ್ಷಕ್ಕೆ ಬಿದ್ದಿರುತ್ತಿತ್ತಲ್ಲ. ನಿಮ್ಮಲ್ಲಿ ಖರ್ಚನ್ನೇ ವಜಾ ಮಾಡಿದ್ದರೆ ಮಂಜೂರಾತಿ ಕೇಳಬಹುದು. ಹಣಕಾಸು ಅಧಿಕಾರಿ ಫೈಲಿನ ಮೇಲೆ ಏನು ಬರೆದಿದ್ದಾರೆ ಅಂತ ಸೋಮವಾರ ಕೇಳಿ, ಇನ್‌ವರ್ಡ್ ನಂಬರ್ ಕೈಯಲ್ಲಿರಲಿ.

ದುರ್ಗದ ಹುಡುಗ
ನಂದು ಸೀಡಿಂಗ್ ಬೇರೆ ಬ್ಯಾಂಕಿಗೆ ಆಗಿದೆ ಅಣ್ಣ, ಯಾವಾಗ ಮಾಡಿದ್ದೆ ಅಂತ ನೆನಪೇ ಇಲ್ಲ. ದುಡ್ಡು ಅಲ್ಲೂ ಬಂದಿಲ್ಲ.